ರೂಪಾಲಿಯ ಅರ್ಜಿಯಲ್ಲಿ ಮಂಗಲಾ ಸಿಸ್ಟರ್ ಹೆಸರು

ಐನಾಪುರದ ರಾವಸಾಹೇಬ ಡಾಕ್ಟರರ ದವಾಖಾನೆಗೆ ಹೋಗಿ ಮಂಗಲಾ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚನೆ ಮಾಡುತ್ತಿದ್ದರು. ಮಂಗಲಾ ಸಿಸ್ಟರ್ ಎನ್ನಬೇಕಿತ್ತು. ಹಾಗೆಂದರೆ ಎದುರಿನ ಚಹಾದಂಗಡಿಯವನೂ ಕೈಯಲ್ಲಿದ್ದ ಕೆಲಸ ಬಿಟ್ಟು ದಾರಿ ತೋರಿಸುತ್ತಿದ್ದ, ಏಕೆಂದರೆ ಅವನ ಇಬ್ಬರು ಮಕ್ಕಳೂ ಅವಳ ಕೈಯಲ್ಲೇ ಹುಟ್ಟಿದ್ದರು.

ಈ ಗಡಿಯ ಕಡೆಯ ದವಾಖಾನೆಗಳಲ್ಲಿ ಕೆಲಸದ ಹೆಂಗಸರಿಗೆ ಇರುವುದು ಎರಡೇ ಹೆಸರು. ಬಿಳಿ ಕೋಟು ಹಾಕಿ ಸೂಜಿ ಹಿಡಿದವಳು ಸಿಸ್ಟರ್. ನೀಲಿ ಸೀರೆ ಉಟ್ಟು ನೆಲ ಒರೆಸುವವಳು, ಬೆಡ್‌ಪ್ಯಾನ್ ಎತ್ತುವವಳು ಮೌಶಿ. ಮರಾಠಿಯಲ್ಲಿ ಮೌಶಿ ಎಂದರೆ ತಾಯಿಯ ತಂಗಿ. ಕೇಳುವುದಕ್ಕೆ ಎಷ್ಟು ಅಂತಃಕರಣದ ಮಾತು. ಆದರೆ ದವಾಖಾನೆಯೊಳಗೆ ಅದನ್ನು ಯಾರೂ ಅಂತಃಕರಣದಿಂದ ಕೂಗುವುದಿಲ್ಲ. "ಮೌಶಿ, ಇಲ್ಲೆ ವಾಂತಿ ಆಗೇತಿ" ಎಂದು ಕೂಗುತ್ತಾರೆ.

ಮಂಗಲಾ ಬಂದದ್ದು ಮೌಶಿಯಾಗಿಯೇ. ಅದಕ್ಕೂ ಮೊದಲು ರೋಗಿಯಾಗಿ ಬಂದಿದ್ದಳು. ಏಳನೆಯ ಇಯತ್ತೆಗೆ ಶಾಲೆ ಬಿಡಿಸಿ ಮದುವೆ ಮಾಡಿದ್ದರು. ಹತ್ತೊಂಬತ್ತಕ್ಕೆ ಹೊಟ್ಟೆಯಲ್ಲಿನ ಕೂಸು ಹೋಯಿತು, ಅದರ ಜೊತೆಗೆ ಗರ್ಭಚೀಲವೂ ಹೋಯಿತು. ಗಂಡ ನೋಡಲು ಬಂದವನು ಬಾಗಿಲಲ್ಲೇ ನಿಂತು ವಿಷಯ ಕೇಳಿಕೊಂಡು ಹಾಗೇ ಹೊರಟುಹೋದ. ಹೋದವನು ಬೇರೆ ಮದುವೆ ಮಾಡಿಕೊಂಡ. ದವಾಖಾನೆಯಿಂದ ಬಿಟ್ಟ ದಿನ ಅವಳನ್ನು ಕರೆದುಕೊಂಡು ಹೋಗುವವರು ಯಾರೂ ಬರಲಿಲ್ಲ. ಮುದುಕ ಡಾಕ್ಟರರು, ಅಂದರೆ ರಾವಸಾಹೇಬರು, ಒಂದು ಪೊರಕೆ ತೋರಿಸಿ "ಇರ್ತೀಯೇನು?" ಎಂದರು. ಇದ್ದಳು. ಮಾಳಿಗೆಗೆ ಹತ್ತುವ ಜಿನೆಯ ಕೆಳಗಿನ ಕೋಣೆಯಲ್ಲಿ ಇಪ್ಪತ್ತಮೂರು ವರ್ಷ ಇದ್ದಳು.

ಎರಡನೆಯ ವರ್ಷದ ಒಂದು ಮಧ್ಯಾಹ್ನ, ಓದಿದ ಸಿಸ್ಟರ್ ಊರಿಗೆ ಹೋಗಿದ್ದಾಗ, ಹೆರಿಗೆಯ ನಡುವೆ ಡಾಕ್ಟರರು ತಲೆ ಎತ್ತದೆ ಕೈ ಚಾಚಿ "ಸಿಸ್ಟರ್, ಕತ್ರಿ" ಎಂದರು. ಕೋಣೆಯಲ್ಲಿ ಇದ್ದವಳು ಮಂಗಲಾ ಒಬ್ಬಳೇ. ಕತ್ತರಿ ಕೊಟ್ಟಳು. ಆ ಮಾತು ಬಾಯಿತಪ್ಪಿ ಬಂದದ್ದೋ ಬೇಕೆಂದೇ ಬಂದದ್ದೋ ಅವಳು ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ಎಲ್ಲಿ ವಾಪಸು ತೆಗೆದುಕೊಳ್ಳುತ್ತಾರೋ ಎಂಬ ಭಯ. ಅಲ್ಲಿಂದ ಮುಂದೆ ಒಂದೊಂದಾಗಿ ಕಲಿತಳು: ನರ ಹುಡುಕುವುದು, ಸಲೈನ್ ಏರಿಸುವುದು, ಮೂಗಿನಿಂದ ನಳಿಗೆ ಇಳಿಸುವುದು, ಅಳದ ಕೂಸಿನ ಬೆನ್ನು ತಿಕ್ಕಿ ಅಳಿಸುವುದು. ಇಂಗ್ಲಿಷ್ ವಾಕ್ಯ ಬಾರದಿದ್ದರೂ ಔಷಧದ ಹೆಸರುಗಳನ್ನು ಅಕ್ಷರ ಕೂಡಿಸಿ ಓದುತ್ತಿದ್ದಳು. ಡಾಕ್ಟರರು ಹೇಳಿಕೊಟ್ಟಿದ್ದರು: ಹೆಸರು ಮೂರು ಸಲ ಓದಬೇಕು. ಕಪಾಟಿನಿಂದ ತೆಗೆಯುವಾಗ ಒಂದು ಸಲ, ಸಿರಿಂಜಿಗೆ ಎಳೆಯುವ ಮುಂಚೆ ಒಂದು ಸಲ, ಖಾಲಿ ಬಾಟಲಿ ಎಸೆಯುವ ಮುಂಚೆ ಒಂದು ಸಲ. ಇಪ್ಪತ್ತೊಂದು ವರ್ಷ ಅವಳು ಓದದೆ ಒಂದು ಬಾಟಲಿಯನ್ನೂ ಎಸೆಯಲಿಲ್ಲ.

ಇದೆಲ್ಲ ಕಾಯದೆಗೆ ಸರಿಯಲ್ಲ ಎಂದು ಯಾರಾದರೂ ಮೂಗು ಮುರಿದರೆ, ಹೌದು, ಸರಿಯಲ್ಲ. ನರ್ಸಿಂಗ್ ಕೌನ್ಸಿಲಿನ ನೋಂದಣಿ ಇಲ್ಲದವಳು ಸೂಜಿ ಮುಟ್ಟಬಾರದು. ಹಾಗೆ ಹೇಳುವವರ ಮನೆಯ ಹೆಂಗಸರಿಗೆ ಹೆರಿಗೆಯ ನೋವು ಬಂದಾಗ ಮಾತ್ರ ನೋಂದಣಿಯ ಸುದ್ದಿ ಯಾರೂ ತೆಗೆಯುತ್ತಿರಲಿಲ್ಲ, ಮಂಗಲಾ ಸಿಸ್ಟರ್ ಇದ್ದಾಳೆಯೇ ಎಂದಷ್ಟೇ ಕೇಳುತ್ತಿದ್ದರು.

ರಾವಸಾಹೇಬರು ತೀರಿಕೊಂಡ ಮೇಲೆ ಮಗ ಡಾಕ್ಟರ್ ಸಂಜಯ ಕುರ್ಚಿಯಲ್ಲಿ ಕುಳಿತ. ಅದರ ಮರುವರ್ಷ ರೂಪಾಲಿ ಬಂದಳು. ರಾಯಬಾಗ ತಾಲೂಕಿನ ಪಾಲಬಾವಿಯ ಹುಡುಗಿ, ಇಪ್ಪತ್ತೆರಡು ವಯಸ್ಸು, ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಓದು ಮುಗಿಸಿ ನೋಂದಣಿ ನಂಬರು ತೆಗೆದುಕೊಂಡಿದ್ದಳು. ಓದಿದ ಶಾಲೆಯ ಹೆಸರು ಇಲ್ಲಿ ಬೇಡ. ಅಲ್ಲಿ ವಾರ್ಡಿನ ಪಾಳಿಗಳೆಲ್ಲ ರಜಿಸ್ಟರಿನಲ್ಲಷ್ಟೇ ನಡೆಯುತ್ತಿದ್ದವು. ಹೆರಿಗೆ ವಾರ್ಡು ಎಂಟು ವಾರ, ಮಕ್ಕಳ ವಾರ್ಡು ಆರು ವಾರ ಎಂದು ಸಹಿ ಬೀಳುತ್ತಿತ್ತು. ಹುಡುಗಿಯರು ಹಾಸ್ಟೆಲಿನಲ್ಲಿ ಕುಳಿತು ಅದರದೇ ಚಿತ್ರ ಬರೆಯುತ್ತಿದ್ದರು. ರೂಪಾಲಿಯ ಚಿತ್ರಗಳು ಬಹಳ ಅಂದವಾಗಿದ್ದವು. ಕೈಗೆ ಮಾತ್ರ ಸೂಜಿಯ ರೂಢಿ ಇರಲಿಲ್ಲ.

ಬಂದ ಮೂರನೆಯ ವಾರ, ಊಟದ ಹೊತ್ತಿಗೆ, ನಾಲ್ಕನೆಯ ಕಾಟಿನ ಲಕ್ಕವ್ವ ಎಂಬ ಮುದುಕಿಯ ಕೈಯ ಸೂಜಿನಳಿಗೆ ಕಟ್ಟಿಕೊಂಡಿತ್ತು. ಅದಕ್ಕೆ ಹತ್ತು ಎಂಎಲ್ ಸಲೈನ್ ಹಾಯಿಸಿ ತೊಳೆಯಬೇಕು. ರೂಪಾಲಿ ಟ್ರೇಯಿಂದ ಒಂದು ಪುಟ್ಟ ಪ್ಲಾಸ್ಟಿಕ್ ಬಾಟಲಿ ತೆಗೆದಳು, ತುದಿ ಮುರಿದಳು, ಸಿರಿಂಜಿಗೆ ಎಳೆದಳು. ಮಂಗಲಾ ಪಕ್ಕದ ಕಾಟಿನಲ್ಲಿ ಹಾಸಿಗೆ ಬದಲಿಸುತ್ತಿದ್ದಳು. ಓಡಿಬಂದು ಹುಡುಗಿಯ ಮಣಿಕಟ್ಟು ಹಿಡಿದಳು.

"ಓದು" ಎಂದಳು.

ರೂಪಾಲಿ ಓದಿದಳು. ಪೊಟ್ಯಾಸಿಯಂ ಕ್ಲೋರೈಡ್. ಪುಟ್ಟ ಬಾಟಲಿ ನೋಡಲು ಸಲೈನಿನದರಂತೆಯೇ, ಆದರೆ ದೊಡ್ಡ ಬಾಟಲಿಯ ಸಲೈನಿನಲ್ಲಿ ಕಲಸಿ ಹನಿಹನಿಯಾಗಿ ಬಿಡಬೇಕಾದ ಔಷಧ. ಹಾಗೇ ನರಕ್ಕೆ ಒತ್ತಿದರೆ ಎದೆ ನಿಂತುಹೋಗುತ್ತದೆ, ಆಮೇಲೆ ಯಾವ ಡಾಕ್ಟರ್ ಬಂದರೂ ಪ್ರಯೋಜನ ಕಡಿಮೆ. ಹುಡುಗಿ ಸಿರಿಂಜನ್ನು ಮಂಗಲಾಳ ಕೈಗೆ ಕೊಟ್ಟುಬಿಟ್ಟಳು. ಮಂಗಲಾ ಆ ಸಿರಿಂಜನ್ನು ಮೋರಿಗೆ ಖಾಲಿ ಮಾಡಿ, ಸರಿಯಾದ ಬಾಟಲಿ ತೆಗೆದು, ಮುದುಕಿಯ ನಳಿಗೆ ತಾನೇ ತೊಳೆದಳು. ಆಮೇಲೆ ಹುಡುಗಿಗೆ ಚಹಾ ಕುಡಿಸಿದಳು. ಯಾರಿಗೂ ಹೇಳಲಿಲ್ಲ. ಲಕ್ಕವ್ವ ಎರಡು ದಿನಕ್ಕೆ ಎದ್ದು ಮನೆಗೆ ಹೋದಳು.

ಅಂದಿನಿಂದ ರೂಪಾಲಿ ಮಂಗಲಾಳ ಬೆನ್ನು ಬಿಡಲಿಲ್ಲ. ಮಂಗಲಾ ತನ್ನ ತೋಳನ್ನೇ ಕೊಟ್ಟು ನರ ಚುಚ್ಚುವುದನ್ನು ಕಲಿಸಿದಳು. ಒಂದು ತಿಂಗಳು ಅವಳ ಎರಡೂ ತೋಳು ಕಪ್ಪುಗಟ್ಟಿದ್ದವು.

ಎರಡು ವರ್ಷ ಹೀಗೆ ಕಳೆಯಿತು. ಕೊರೊನಾ ಮುಗಿದ ಮೇಲೆ ಇಂಗ್ಲೆಂಡಿಗೆ ನರ್ಸುಗಳು ಬೇಕು ಎಂಬ ಸುದ್ದಿ ಈ ಕಡೆಯ ಹಳ್ಳಿಗಳ ತನಕ ಬಂತು. ರೂಪಾಲಿ ಹಟ ಹಿಡಿದು ಓದಿದಳು. ಆರೋಗ್ಯದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಎರಡನೆಯ ಸಲಕ್ಕೆ ಪಾಸಾಯಿತು, ಕಂಪ್ಯೂಟರಿನ ಮೇಲೆ ಬರೆಯುವ ನರ್ಸಿಂಗ್ ಪರೀಕ್ಷೆಯೂ ಆಯಿತು. ಉಳಿದದ್ದು ಅರ್ಜಿ. ಅದಕ್ಕೆ ಎರಡು ಕಾಗದ ಬೇಕು: ತನ್ನ ಓದು, ಪಾಳಿ, ಅನುಭವ, ಕೈಗುಣ ಎಲ್ಲ ತೋರಿಸುವ ಸಿವಿ, ಅದರ ಮೇಲೆ ಒಂದು ಪುಟದ ಪತ್ರ.

ಅವಳು ಮೊದಲು ಹೋದದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಬೀರದೇವನ ಝೆರಾಕ್ಸ್ ಅಂಗಡಿಗೆ. ಬೀರದೇವನ ಕಂಪ್ಯೂಟರಿನಲ್ಲಿ ಬಯೋಡಾಟಾದ ನಮೂನೆ ಒಂದೇ ಇತ್ತು. ಕನ್ಯೆ ನೋಡುವವರಿಗೂ ಅದೇ, ಫ್ಯಾಕ್ಟರಿ ಕೆಲಸಕ್ಕೂ ಅದೇ. ಮೇಲೆ ಗಣಪತಿ, ಬಲಕ್ಕೆ ಫೋಟೋ, ಕೆಳಗೆ ತಂದೆಯ ಹೆಸರು, ಜಾತಿ, ಎತ್ತರ, ಬಣ್ಣ. ಅವನು ರೂಪಾಲಿಯ ಬಣ್ಣ ಗೋದಿ ಎಂದು ತಾನೇ ಟೈಪು ಮಾಡಿಬಿಟ್ಟಿದ್ದ. ಅದನ್ನು ನೋಡಿ ಆನ್‌ಲೈನ್ ಕ್ಲಾಸು ನಡೆಸುವ, ನರ್ಸುಗಳನ್ನು ಇಂಗ್ಲೆಂಡಿಗೆ ಕಳಿಸುವ ಏಜೆನ್ಸಿಯ ಮೇಡಂ ಹಣೆ ಹಿಡಿದುಕೊಂಡರಂತೆ. ಫೋಟೋ ಬೇಡ, ತಂದೆ ಬೇಡ, ಧರ್ಮ ಬೇಡ, ಮದುವೆ ಆಗಿದೆಯೋ ಇಲ್ಲವೋ ಅದೂ ಬೇಡ. ಎರಡು ಪುಟ ದಾಟಬಾರದು. ಈಗಿನ ಕೆಲಸ ಮೇಲೆ, ಹಳೆಯದು ಕೆಳಗೆ. ನೋಂದಣಿ ನಂಬರು ಬೇಕು. ಪ್ರತಿ ಪಾಳಿಗೂ ಯಾವ ವಾರ್ಡು, ಎಷ್ಟು ವಾರ, ಎಷ್ಟು ಕಾಟು, ಒಬ್ಬ ನರ್ಸಿಗೆ ಎಷ್ಟು ರೋಗಿ, ಅಲ್ಲಿ ನಿನ್ನ ಕೈಯಿಂದ ಏನು ಮಾಡಿದೆ ಎಂದು ಬರೆಯಬೇಕು.

ಕೊನೆಯ ಪ್ರಶ್ನೆಗೆ ರೂಪಾಲಿಯ ಪೆನ್ನು ನಿಂತಿತು. ರೋಗಿಗಳು ಮಲಗಿದ ಮಧ್ಯಾಹ್ನಗಳಲ್ಲಿ ಅವಳು ವಹಿ ಹಿಡಿದು ಮಂಗಲಾಳ ಎದುರು ಕೂರತೊಡಗಿದಳು.

"ಸಿಸ್ಟರ್ರಿ, ಹೆರಗಿ ವಾರ್ಡಿನ್ಯಾಗ ಎಂಟ ವಾರ ಅಂತ ಐತಿ. ಅಲ್ಲೆ ಏನೇನ ಮಾಡೇನಿ ಅಂತ ಬರೀಲ್ರಿ?"

"ನೀ ಏನ ಮಾಡಿದಿ?"

"ಚಿತ್ರಾ ತಗದೇನ್ರಿ."

ಮಂಗಲಾ ನಕ್ಕಳು. "ಹಂಗಾರ ಬರಕೋ. ನೋವಿನ ಚೀಟಿ ಅರ್ಧಾ ತಾಸಿಗೊಮ್ಮೆ ತುಂಬೂದು. ಕೂಸಿನ ಎದೀಬಡತ ಕೇಳೂದು. ತಲಿ ಬಂತಂದ್ರ ಅವಸರ ಮಾಡ್ದ ಕೈ ಕೊಟ್ಟ ತಡಿಯೂದು. ಕೂಸಿನ ಹಿಂದ ಬರೂ ಕಸಾ ಪೂರಾ ಬಂತೇನು ನೋಡೂದು. ರಕ್ತಾ ಎಷ್ಟ ಹೋತು ಅಂತ ಅಳತಿ ಹಿಡಿಯೂದು."

ರೂಪಾಲಿ ಅದನ್ನೆಲ್ಲ ಇಂಗ್ಲಿಷಿಗೆ ಇಳಿಸಿಕೊಂಡಳು. ಮಕ್ಕಳ ವಾರ್ಡಿನ ಪಾಳಿಗೆ ಮಂಗಲಾ ಬೆನ್ನು ತಿಕ್ಕಿ ಉಳಿಸಿದ ಮೂವತ್ತು ಕೂಸುಗಳು ಹೋದವು. ಆಪರೇಷನ್ ಪಾಳಿಗೆ ಅವಳು ಎಣಿಸಿಟ್ಟ ಅರಿವೆ, ಕತ್ತರಿಗಳು ಹೋದವು. ತುರ್ತಿನ ಅನುಭವಕ್ಕೆ ಕೊರೊನಾದ ವರ್ಷ ಅವಳು ಹದಿನಾಲ್ಕು ಕಾಟುಗಳ ನಡುವೆ ಎರಡು ಆಕ್ಸಿಜನ್ ಸಿಲಿಂಡರು ಉರುಳಿಸಿಕೊಂಡು ಓಡಾಡಿದ್ದು ಹೋಯಿತು. ಎರಡು ಪುಟ ಭರ್ತಿಯಾಯಿತು. ಮಂಗಲಾಳ ಬದುಕನ್ನು ಯಾರಾದರೂ ಬರೆದಿದ್ದರೆ ಅದು ಆ ಎರಡು ಪುಟದಲ್ಲಿ ಮಾತ್ರ, ಮೇಲಿನ ಹೆಸರೊಂದು ಬೇರೆ.

ಅವಳಿಗೆ ಅದರ ಬಗ್ಗೆ ಹೊಟ್ಟೆಕಿಚ್ಚಿರಲಿಲ್ಲ. ನಿಜವಾಗಿಯೂ ಖುಷಿಯಿತ್ತು. ತನ್ನ ಕೈ ವಿಮಾನ ಹತ್ತುತ್ತದೆ ಎಂದುಕೊಂಡಿದ್ದಳು. ಒಂದೇ ಒಂದು ಆಸೆ ಇತ್ತು, ಅದನ್ನು ಕೇಳಲು ನಾಲ್ಕು ದಿನ ನಾಚಿಕೊಂಡಳು.

"ರೂಪಾ, ಆ ಕಾಗದದಾಗ ಎಲ್ಲೆರ ಒಂದ ಕಡೆ ನನ್ನ ಹೆಸರ ಬರತೈತೇನ?"

"ಸಿವಿಯೊಳಗ ಹಂಗ ಬ್ಯಾರೇದವರ ಹೆಸರ ಬರೂದಿಲ್ರಿ ಸಿಸ್ಟರ್."

"ಸಣ್ಣ ಅಕ್ಷರದಾಗ ಆದ್ರೂ ನಡಿತೈತಿ. ಎಲ್ಲೂ ಬರದಿಲ್ಲ ನೋಡ ನನ್ನ ಹೆಸರ. ರೇಶನ್ ಕಾರ್ಡ್ ಬಿಟ್ರ."

ರೂಪಾಲಿ ವಹಿ ಮುಚ್ಚಿದಳು. "ಪತ್ರದಾಗ ಹಾಕ್ತೇನ್ರಿ" ಎಂದಳು. "ಆಣಿ ಮಾಡಿ ಹೇಳ್ತೇನ."

ಪತ್ರ ಕಷ್ಟದ್ದು. ಯಾವ ಕೆಲಸಕ್ಕೆ ಅರ್ಜಿ, ಅದರ ನಂಬರು ಏನು, ಈ ಆಸ್ಪತ್ರೆಯೇ ಏಕೆ, ನನ್ನ ಯಾವ ಗುಣ ಅಲ್ಲಿಗೆ ಹೊಂದುತ್ತದೆ ಎಂದು ಒಂದೇ ಪುಟದಲ್ಲಿ ಹೇಳಬೇಕು. ಗುಣವನ್ನು ಬರೀ ಹೊಗಳಿಕೊಂಡರೆ ನಂಬುವುದಿಲ್ಲ, ನಡೆದ ಒಂದು ಘಟನೆ ಕೊಡಬೇಕು ಎಂದು ಏಜೆನ್ಸಿ ಮೇಡಂ ಹೇಳಿದ್ದರು. ರೋಗಿಯ ಜೀವಕ್ಕೆ ಅಪಾಯ ಬಂದಾಗ ನೀನು ಏನು ಮಾಡಿದೆ ಎಂಬ ಘಟನೆಯಾದರೆ ಬಹಳ ಒಳ್ಳೆಯದು.

"ಅವತ್ತಿನ ಬಾಟ್ಲಿದ ಬರಿ" ಎಂದಳು ಮಂಗಲಾ. "ಲಕ್ಕವ್ವಂದು."

ರೂಪಾಲಿಯ ಮುಖ ಕೆಂಪಾಯಿತು. "ಅದರಾಗ ತಪ್ಪ ಮಾಡ್ದಾಕಿ ನಾ ಅಲ್ರಿ?"

"ತಪ್ಪ ಮಾಡಿ ಕಲತೇನಿ ಅಂತ ಬರಿ. ಅವತ್ತಿಂದ ಮೂರ ಸಲಾ ಓದ್ತೇನಿ ಅಂತ ಬರಿ."

ಮೇಡಮ್ಮೂ ಕ್ಲಾಸಿನಲ್ಲಿ ಅದನ್ನೇ ಹೇಳಿದ್ದರು, ತಪ್ಪೊಪ್ಪಿಕೊಂಡು ಕಲಿತದ್ದನ್ನು ಬರೆದರೆ ಅಲ್ಲಿಯವರು ಮೆಚ್ಚುತ್ತಾರೆ ಎಂದು. ರೂಪಾಲಿಗೆ ನಂಬಿಕೆ ಬರಲಿಲ್ಲ. ತಪ್ಪು ಮಾಡಿದವಳನ್ನು ಯಾರು ಕೆಲಸಕ್ಕೆ ಕರೆದಾರು? ಆ ಸಂಜೆ ಅವಳು ಪತ್ರ ಒಬ್ಬಳೇ ಕುಳಿತು ಬರೆದಳು. ಮರುದಿನ ಪ್ರಿಂಟು ತಂದು ಮಂಗಲಾಳ ಮುಂದೆ ಹಿಡಿದು, ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಓದ್ರಿ ಸಿಸ್ಟರ್. ಏನೈತಿ?"

ಮಂಗಲಾ ಔಷಧದ ಹೆಸರು ಓದುವಂತೆ ಅಕ್ಷರ ಕೂಡಿಸಿದಳು. ಮಂಗಲಾ. ತನ್ನ ಹೆಸರೇ. ಅದರ ಹಿಂದೆ ಮುಂದೆ ಇದ್ದದ್ದು ಇಂಗ್ಲಿಷ್ ವಾಕ್ಯ. ಅದು ಅವಳಿಗೆ ಬರುತ್ತಿರಲಿಲ್ಲ. ಒಂದು ಪ್ರತಿ ಕೇಳಿ ಇಸಿದುಕೊಂಡಳು. ಜಿನೆಯ ಕೆಳಗಿನ ಕೋಣೆಯಲ್ಲಿ ಮುದುಕ ಡಾಕ್ಟರರ ಫೋಟೋದ ಹಿಂದೆ ಮಡಚಿ ಇಟ್ಟುಕೊಂಡಳು.

ವಿಡಿಯೋದಲ್ಲಿ ಸಂದರ್ಶನ ಆಯಿತು. ಮೂವರು ಕುಳಿತು ಕೇಳಿದರಂತೆ. ಎರಡು ವಾರಕ್ಕೆ ಮೇಲ್ ಬಂತು: ಕೆಲಸ ಕೊಟ್ಟಿದ್ದೇವೆ, ಆದರೆ ನಿಮ್ಮ ಕೆಲಸ ಹೇಗೆಂದು ತಿಳಿಸುವ ಪರಿಚಯಪತ್ರ ಈಗಿನ ಮಾಲಿಕರಿಂದ ಸರಿಯಾಗಿ ಬಂದ ಮೇಲೆ. ರೂಪಾಲಿ ಪೇಢೆ ತಂದು ಹಂಚಿದಳು. ಮೊದಲ ಪೇಢೆ ಮಂಗಲಾ ಸಿಸ್ಟರ್ ಬಾಯಿಗೆ ಹೋಯಿತು.

ಡಾಕ್ಟರ್ ಸಂಜಯನಿಗೂ ಖುಷಿಯೇ. ಅವನ ತಲೆಯಲ್ಲಿ ಬೇರೊಂದು ಲೆಕ್ಕ ಓಡುತ್ತಿತ್ತು. ಬರುವ ವರ್ಷ ದವಾಖಾನೆಯ ಹಿಂದಿನ ಜಾಗದಲ್ಲಿ ನರ್ಸಿಂಗ್ ಶಾಲೆ ತೆಗೆಯುವವನಿದ್ದ. ನಮ್ಮಲ್ಲಿ ತಯಾರಾದ ನರ್ಸು ಇಂಗ್ಲೆಂಡಿನಲ್ಲಿ ಎಂದು ರೂಪಾಲಿಯ ಫೋಟೋ ಹಾಕಿದ ಫ್ಲೆಕ್ಸು ಅಥಣಿಯ ತನಕ ಕಟ್ಟಿಸಬೇಕು ಎಂದು ಲೆಕ್ಕ ಹಾಕಿದ್ದ.

ಒಂದು ಬೆಳಿಗ್ಗೆ ಅವನು ಮಂಗಲಾಳನ್ನು ಒಳಗೆ ಕರೆಸಿ ಬಾಗಿಲು ಹಾಕಿದ. ಚಿಕ್ಕವನಿದ್ದಾಗ ಅವಳ ಸೆರಗು ಹಿಡಿದು ಓಡಾಡಿದ ಹುಡುಗ. ಈಗ ಕಂಪ್ಯೂಟರಿನ ಕಡೆ ಮುಖ ಮಾಡಿ ಮಾತಾಡಿದ.

"ರೂಪಾಲಿ ಪತ್ರದಾಗ ಏನ ಬರದಾಳ ಗೊತ್ತೈತೇನ್ರಿ ನಿಮಗ?"

"ನನ್ನ ಹೆಸರ ಹಾಕ್ಯಾಳ್ರಿ ಸಾಹೇಬ್ರ." ಹೇಳುವಾಗ ಅವಳ ಮುಖ ಅರಳಿತ್ತು ಎಂಬುದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

"ಹೂಂ. ಹಾಕ್ಯಾಳ." ಪರಿಚಯಪತ್ರ ಕೇಳಿದ ಆಸ್ಪತ್ರೆಯವರು ಆ ಪತ್ರವನ್ನೂ ಜೊತೆಗೆ ಕಳಿಸಿದ್ದರು, ಅವನು ಅದನ್ನು ಒಂದೊಂದೇ ಸಾಲಾಗಿ ಕನ್ನಡದಲ್ಲಿ ಹೇಳಿದ. ನಮ್ಮ ವಾರ್ಡಿನಲ್ಲಿ ಮಂಗಲಾ ಎಂಬ ತರಬೇತಿ ಇಲ್ಲದ ಆಯಾ ಒಬ್ಬಳು ಸಲೈನ್ ಎಂದು ತಿಳಿದು ಪೊಟ್ಯಾಸಿಯಂ ಕ್ಲೋರೈಡನ್ನು ವೃದ್ಧ ರೋಗಿಯ ನರಕ್ಕೆ ಒತ್ತಲು ಹೊರಟಿದ್ದಳು. ನಾನು ತಕ್ಷಣ ಅವಳ ಮಣಿಕಟ್ಟು ಹಿಡಿದು ತಡೆದೆ. ಹೆಸರನ್ನು ಮೂರು ಸಲ ಓದಬೇಕೆಂದು ಅವಳಿಗೆ ಶಾಂತವಾಗಿ ತಿಳಿಸಿ ಹೇಳಿದೆ.

ಮಂಗಲಾಳಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿರಿ ಎಂದಳು. ಅವನು ಇನ್ನೊಮ್ಮೆ ಹೇಳಿದ.

"ಖೊಟ್ಟಿರಿ ಸಾಹೇಬ್ರ. ಕೈ ಆಕಿದು. ಹಿಡದಾಕಿ ನಾ."

"ಇರಬಹುದು."

"ಲಕ್ಕವ್ವನ್ನ ಕೇಳ್ರಿ. ಜೀಂವಂತ ಅದಾಳ."

"ಮಂಗಲಕ್ಕಾ, ಯಾರ ಕೈ ಯಾರ ಹಿಡದ್ರು ಅಂತ ಅಲ್ಲ ಈಗಿನ ಮಾತು." ಅವನು ಈಗ ಅವಳ ಕಡೆ ತಿರುಗಿದ. "ಇಂಗ್ಲೆಂಡಿನವ್ರ ಕೇಳಿದ್ದ ಬ್ಯಾರೆ. ನೋಂದಣಿ ಇಲ್ದಾಕಿ ಔಷಧ ಕೊಡತಿದ್ಲಂತಲ್ಲ, ಆ ಮಂಗಲಾ ಇನ್ನೂ ಅದ ಕೆಲಸದಾಗ ಅದಾಳೇನು, ನೀವು ಏನ ಕ್ರಮಾ ತಗೊಂಡ್ರಿ ಅಂತ ಲೇಖಿ ಬರದ ಕೇಳ್ಯಾರ. ಹೆಸರ ಇರಲಿಲ್ಲಂದ್ರ ಯಾರೋ ಒಬ್ರು, ಬಿಟ್ಟ ಹೋದ್ರು ಅಂತ ಬರದ ಕೈ ತೊಳಕೋತಿದ್ನಿ. ಹೆಸರಽ ಐತಿ. ಇದ ಕಾಗದ ನಾಳೆ ಆರೋಗ್ಯ ಇಲಾಖೆಯವರ ಕೈಗೆ ಬಿತ್ತಂದ್ರ? ಪರವಾನಗಿ ನವೀಕರಣ ಐತಿ. ನರ್ಸಿಂಗ್ ಶಾಳಿ ಅರ್ಜಿ ಹಾಕೇನಿ."

"ಹಂಗಾರ ಖರೇದ ಬರೀರಿ. ರೂಪಾಲಿ ತಪ್ಪ ಮಾಡಿದ್ಲು, ಮಂಗಲಾ ತಡದ್ಲು ಅಂತ."

"ಅವಾಗೂ ನೀವ ಅಲ್ಲೆ ಇದ್ರಿ ಅಂತನ ಆಗ್ತೈತಿ. ಆಮ್ಯಾಲ ಲಕ್ಕವ್ವನ ನಳಿಗಿ ತೊಳದವ್ರ ಯಾರು ಅಂತ ಕೇಳ್ತಾರ. ನೀವಽ ತೊಳದಿರ್ತೀರಿ. ಆಕಿ ನೋಕರಿನೂ ಹೋಗತೈತಿ, ನೀವೂ ಹೋಗತೀರಿ."

ಸತ್ಯ ಹೇಳಿದರೂ ಅವಳು ಅಪರಾಧಿ, ಸುಳ್ಳು ಹೇಳಿದರೂ ಅವಳೇ ಅಪರಾಧಿ. ಹುಡುಗಿ ಮಾತ್ರ ಸುಳ್ಳಿನಿಂದ ಉಳಿಯುತ್ತಿದ್ದಳು.

ಡಾಕ್ಟರ್ ಒಂದು ಕಾಗದ ಮುಂದೆ ಸರಿಸಿದ. ಕನ್ನಡದಲ್ಲೇ ಟೈಪು ಮಾಡಿಸಿದ್ದ, ಅಷ್ಟು ಕರುಣೆ ತೋರಿಸಿದ್ದ. ಮೇಲೆ ಹೇಳಿದ ಘಟನೆ ನಡೆದದ್ದು ನಿಜ. ನನ್ನ ತಪ್ಪು ನನಗೆ ತಿಳಿದಿದೆ. ಇಂದಿನಿಂದ ಯಾವ ರೋಗಿಗೂ ಔಷಧ ಕೊಡುವುದಿಲ್ಲ, ಸೂಜಿ ಮುಟ್ಟುವುದಿಲ್ಲ. ಸ್ವಚ್ಛತೆಯ ಕೆಲಸ ಮಾತ್ರ ಮಾಡುತ್ತೇನೆ. ಸಹಿ ಮಾಡಿದರೆ ಜಿನೆಯ ಕೆಳಗಿನ ಕೋಣೆ ಇರುತ್ತದೆ, ಪಗಾರವೂ ಇರುತ್ತದೆ. ಇಲ್ಲವಾದರೆ ದವಾಖಾನೆಯಲ್ಲಿ ಜಾಗವಿಲ್ಲ ಎಂದ. ಕುರ್ಚಿಯ ಮೇಲೆ ಒಂದು ಪ್ಲಾಸ್ಟಿಕ್ ಚೀಲವಿತ್ತು. ಅದರಲ್ಲಿ ಎರಡು ಹೊಸ ನೀಲಿ ಸೀರೆ ಇದ್ದವು. ಮಾತಿಗೆ ಮುಂಚೆಯೇ ಸೀರೆ ತರಿಸಿಟ್ಟವನಿಗೆ ಅವಳ ಉತ್ತರ ಏನು ಬರುತ್ತದೆಂದು ಚೆನ್ನಾಗಿ ಗೊತ್ತಿತ್ತು.

ನಲವತ್ತೆರಡು ವರ್ಷದ ಹೆಂಗಸು ಎಲ್ಲಿಗೆ ಹೋಗಬೇಕು? ಸಹಿ ಮಾಡಿದಳು. ಹೆಸರಿನ ಕೆಳಗೆ ಹುದ್ದೆ ಎಂಬ ಕಡೆ ಮೌಶಿ ಎಂದು ಬರೆಯಿರಿ ಎಂದ. ಬರೆದಳು.

ರೂಪಾಲಿ ಆ ದಿನ ಜಿನೆಯ ಬಳಿ ಸಿಕ್ಕಳು. ಅವಳಿಗೆ ಸುದ್ದಿ ಮೊದಲೇ ಗೊತ್ತಿತ್ತು. ಅಳುತ್ತಿದ್ದಳು. ಮಂಗಲಾ ಬೈಯಲಿಲ್ಲ, ಏಕೆ ಹೀಗೆ ಮಾಡಿದೆ ಎಂದಷ್ಟೇ ಕೇಳಿದಳು.

"ಅದಿಷ್ಟ ಆಗತೈತಿ ಅಂತ ಗೊತ್ತಿರಲಿಲ್ರಿ" ಎಂದಳು ಹುಡುಗಿ. ಮೂಗು ಒರೆಸಿಕೊಂಡಳು. "ಮತ್ತ ಹೆಸರ ಹಾಕ ಅಂದವ್ರ ನೀವಽ ಅಲ್ರಿ?"

ಎದೆಗೆ ಒದ್ದಂತಾಯಿತು ಮಂಗಲಾಳಿಗೆ. ಏಕೆಂದರೆ ಅದು ನಿಜ. ಹುಡುಗಿ ಆಣೆ ಮಾಡಿದ್ದಳು, ಆಣೆ ಉಳಿಸಿಕೊಂಡಿದ್ದಳು. ಮಂಗಲಾ ಕೋಣೆಗೆ ಹೋಗಿ ಫೋಟೋದ ಹಿಂದಿನ ಕಾಗದ ತೆಗೆದಳು. ತನ್ನ ಹೆಸರನ್ನು ಮತ್ತೊಮ್ಮೆ ಅಕ್ಷರ ಕೂಡಿಸಿ ಓದಿದಳು. ಹರಿದು ಹಾಕಬೇಕೆಂದು ಕೈ ಹೋಯಿತು, ಆಗಲಿಲ್ಲ. ಮಡಚಿ ಅಲ್ಲೇ ಇಟ್ಟಳು.

ಮರುದಿನದಿಂದ ನೀಲಿ ಸೀರೆ. ಜನ ಎಷ್ಟು ಬೇಗ ಕಲಿಯುತ್ತಾರೆ ಎಂದರೆ ನಾಚಿಕೆಯಾಗಬೇಕು. ಮೊದಲ ವಾರ "ಯಾಕ್ರಿ ಸಿಸ್ಟರ್, ಹಿಂಗ?" ಎಂದು ಕೇಳಿದರು. ಎರಡನೆಯ ವಾರ ಏನೂ ಕೇಳಲಿಲ್ಲ. ಮೂರನೆಯ ವಾರ ಅವಳ ಕೈಯಲ್ಲಿ ಹುಟ್ಟಿದ ಹುಡುಗನೊಬ್ಬನ ತಾಯಿಯೇ, ಮಲಗಿದಲ್ಲಿಂದ, "ಮೌಶಿ, ಬೆಡ್‌ಪ್ಯಾನ್" ಎಂದಳು. ಒಂದು ಬೆಳಿಗ್ಗೆ ಹೊಸ ಹುಡುಗಿಯೊಬ್ಬಳು ಒಬ್ಬ ಮುದುಕನ ಕೈಯನ್ನು ಐದು ಸಲ ಚುಚ್ಚಿ ನರ ಸಿಗದೆ ಒದ್ದಾಡುತ್ತಿದ್ದಾಗ ಮಂಗಲಾ ಪೊರಕೆ ಹಿಡಿದು ಎರಡು ಹೆಜ್ಜೆಯ ದೂರದಲ್ಲಿ ನಿಂತಿದ್ದಳು. ನರ ಎಲ್ಲಿದೆ ಎಂದು ಅವಳಿಗೆ ಅಲ್ಲಿಂದಲೇ ಕಾಣುತ್ತಿತ್ತು. ಮುದುಕ ಅಳುತ್ತಿದ್ದ. ಡಾಕ್ಟರನ ಕೋಣೆಯ ಬಾಗಿಲು ತೆರೆದಿತ್ತು. ಮಂಗಲಾ ನೆಲ ಗುಡಿಸಿದಳು.

ಪರಿಚಯಪತ್ರ ಇಂಗ್ಲೆಂಡಿಗೆ ಹೋಯಿತು. ಘಟನೆ ನಿಜ, ಸಂಬಂಧಪಟ್ಟ ಆಯಾಳನ್ನು ರೋಗಿಗಳ ಆರೈಕೆಯಿಂದ ದೂರ ಇಡಲಾಗಿದೆ, ರೂಪಾಲಿಯ ಸಮಯಪ್ರಜ್ಞೆ ಶ್ಲಾಘನೀಯ. ಅಲ್ಲಿಂದ ಪಕ್ಕಾ ಉತ್ತರ ಬಂತು. ವೀಸಾದ ಕಾಗದಗಳು ಓಡಾಡತೊಡಗಿದವು. ಫ್ಲೆಕ್ಸಿಗೆ ಫೋಟೋ ತೆಗೆದರು.

ಅಲ್ಲಿ ಇಳಿದ ಮೇಲೂ ಒಂದು ಪರೀಕ್ಷೆ ಇರುತ್ತದೆ. ಪರೀಕ್ಷಕರ ಎದುರು ಕೈಯಿಂದ ಮಾಡಿ ತೋರಿಸಬೇಕು. ಸೂಜಿನಳಿಗೆಯನ್ನು ಸಲೈನಿನಿಂದ ತೊಳೆಯುವುದು ಅದರಲ್ಲಿ ಒಂದು. ಹೊರಡಲು ಹತ್ತು ದಿನ ಇರುವಾಗ ರೂಪಾಲಿ ಖಾಲಿ ಕಾಟಿನ ಮೇಲೆ ಒಂದು ತಲೆದಿಂಬು ಇಟ್ಟು, ಅದಕ್ಕೆ ನಳಿಗೆ ಅಂಟಿಸಿ, ಮುಗಿದ ತಾರೀಕಿನ ಬಾಟಲಿಗಳ ಟ್ರೇ ಇಟ್ಟುಕೊಂಡು ನಿಂತಳು. ಊಟದ ಹೊತ್ತು, ಡಾಕ್ಟರ್ ಮನೆಗೆ ಹೋಗಿದ್ದ. ಮಂಗಲಾ ನೆಲ ಒರೆಸುತ್ತಿದ್ದಳು.

"ಒಂಚೂರ ನೋಡ್ತೀರ್ರಿ? ನಿಮ್ಮಂಗ ನೋಡಿ ಹೇಳೂವರ ಯಾರೂ ಇಲ್ರಿ ಇಲ್ಲೆ."

ಮಂಗಲಾ ಬಟ್ಟೆ ಬಕೆಟ್ಟಿಗೆ ಹಾಕಿ ಕಾಟಿನ ಬಳಿ ಬಂದು ನಿಂತಳು. ಆ ಒಂದು ಮಾತಿಗೆ ಅವಳ ಸಿಟ್ಟೆಲ್ಲ ಇಳಿದಿತ್ತು, ಅಂಥ ಹೆಂಗಸು ಅವಳು. ರೂಪಾಲಿ ಕೈ ತೊಳೆದಳು. ತಲೆದಿಂಬಿಗೆ ಇಂಗ್ಲಿಷಿನಲ್ಲಿ ಹೆಸರು, ಹುಟ್ಟಿದ ತಾರೀಕು ಕೇಳಿದಳು. ಅಲರ್ಜಿ ಇದೆಯೇ ಎಂದು ಕೇಳಿದಳು. ಎಲ್ಲ ಸರಿಯಾಗಿತ್ತು. ಆಮೇಲೆ, ಬಾಯಿಯಲ್ಲಿ ಇಂಗ್ಲಿಷ್ ಒಪ್ಪಿಸುತ್ತಲೇ, ಟ್ರೇಗೆ ಕೈ ಹಾಕಿ ಒಂದು ಪುಟ್ಟ ಬಾಟಲಿ ತೆಗೆದು, ನೋಡದೆ ತುದಿ ಮುರಿದು, ಸಿರಿಂಜಿಗೆ ಎಳೆದಳು.

ಮಂಗಲಾಳಿಗೆ ಬಾಟಲಿಯ ಮೇಲಿನ ಮೊದಲ ಅಕ್ಷರ ಕಂಡಿತು, ಲಕ್ಕವ್ವನ ದಿನದ ಅದೇ ಪಿ. ಕೈ ತಾನಾಗಿಯೇ ಮೇಲೆದ್ದಿತು.

"ಬರೋಬ್ಬರಿ ಅಲ್ರಿ, ಮೌಶಿ?" ಎಂದಳು ರೂಪಾಲಿ, ಸಿರಿಂಜಿನ ಗಾಳಿ ಬಿಡುತ್ತ. ಬೇಕೆಂದು ಅಂದದ್ದಲ್ಲ. ಎಲ್ಲರೂ ಈಗ ಹಾಗೇ ಕರೆಯುತ್ತಿದ್ದರು.

ಮೇಲೆದ್ದ ಕೈ ಅರ್ಧಕ್ಕೆ ನಿಂತಿತು. ಮಂಗಲಾ ಅದನ್ನು ಕೆಳಗಿಳಿಸಿ ನೀಲಿ ಸೆರಗಿಗೆ ಒರೆಸಿಕೊಂಡಳು. ದೂರದ ದೇಶದ ಯಾವುದೋ ಕಾಟಿನ ಮೇಲೆ ಒಬ್ಬ ಮುದುಕಿ ಮಲಗಿರುತ್ತಾಳೆ ಎಂಬುದು ಅವಳಿಗೆ ಹೊಳೆಯಲಿಲ್ಲವೆಂದಲ್ಲ. ಚೆನ್ನಾಗಿ ಹೊಳೆಯಿತು.

"ಬರೋಬ್ಬರಿ ಐತಿ" ಎಂದಳು.

ರೂಪಾಲಿ ನಕ್ಕು, ಸಿರಿಂಜನ್ನು ತಲೆದಿಂಬಿನ ನಳಿಗೆಗೆ ಒತ್ತಿ, ಫೋನು ಬಂತೆಂದು ಹೊರಗೆ ಓಡಿದಳು. ಕಸ ತೆಗೆಯುವುದು ಮೌಶಿಯ ಕೆಲಸ. ಮಂಗಲಾ ಖಾಲಿ ಬಾಟಲಿಯನ್ನು ಎತ್ತಿಕೊಂಡಳು, ಎಸೆಯುವ ಮುಂಚೆ ರೂಢಿಯಂತೆ ಹೆಸರು ಅಕ್ಷರ ಕೂಡಿಸಿ ಕೊನೆಯ ತನಕ ಓದಿದಳು, ಆಮೇಲೆ ಬುಟ್ಟಿಗೆ ಹಾಕಿದಳು.